ಹಣ ಕೊಡದ ಭತ್ತವೂ ಡ್ರಾಯಿಂಗ್ ಪವರ್ ಲೆಕ್ಕದಲ್ಲಿ

ಮಾನ್ಯ ಸಂಪಾದಕರೇ,

ಗಂಗಾವತಿಯ ಅಕ್ಕಿ ಗಿರಣಿಗಳ ಲೆಕ್ಕ ಬರೆಯುವ ನನಗೆ, ದಾಸ್ತಾನು ಮತ್ತು ಬರಬೇಕಾದ ಬಾಕಿಯ ಆಧಾರದ ಮೇಲೆ ಸಾಲ ಸಿಗುವ ಸಿ.ಸಿ. ಖಾತೆಗಾಗಿ ಬ್ಯಾಂಕಿಗೆ ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟನ್ನು ಎರಡೂ ಕಡೆಯವರು ಸಹಿ ಹಾಕಿ ಮುಗಿಸುವ ಕಾಗದವೆಂದೇ ನೋಡುವುದು ಕಂಡಿದೆ. ಅದರಿಂದ ಏನಾಗುತ್ತದೆಂಬುದಕ್ಕೆ ನಾನು ಕಂಡ ಒಂದು ಗಿರಣಿಯ ಲೆಕ್ಕವನ್ನು, ಅಂಕಿಗಳನ್ನು ಸುಲಭವಾಗಿಸಿ, ಇಲ್ಲಿ ಕೊಡುತ್ತೇನೆ.

ಖಾತೆಯ ಮಿತಿ 1 ಕೋಟಿ ರೂಪಾಯಿ. ಸುಗ್ಗಿ ಮುಗಿದ ತಿಂಗಳ ಕೊನೆಗೆ ಭತ್ತ, ಅಕ್ಕಿ, ನುಚ್ಚು, ತೌಡು ಸೇರಿ ದಾಸ್ತಾನು 80 ಲಕ್ಷ. ಗಿರಾಕಿಗಳಿಂದ ಬರಬೇಕಾದದ್ದು 50 ಲಕ್ಷ. ಮಂಜೂರಾತಿ ಪತ್ರದ ಪ್ರಕಾರ ದಾಸ್ತಾನಿಗೆ ಶೇ 25, ಬಾಕಿಗೆ ಶೇ 40 ಮಾರ್ಜಿನ್, ಅಂದರೆ ಸಾಲದ ಲೆಕ್ಕಕ್ಕೆ ಹಿಡಿಯದೆ ಕಳೆಯುವ ಪಾಲು. 90 ದಿನ ದಾಟಿದ ಬಾಕಿ ಲೆಕ್ಕಕ್ಕಿಲ್ಲ. ಗಿರಣಿಯವರು ಕೊಡಬೇಕಾದ ಸಾಲವೆಂದು 4 ಲಕ್ಷ ಮಾತ್ರ ತೋರಿಸಿ, ಎಲ್ಲ ಬಾಕಿಯೂ ಹೊಸದೆಂದು ಬರೆದರು. ಆ 4 ಲಕ್ಷ ಮತ್ತು ಮಾರ್ಜಿನ್ ಕಳೆದು ದಾಸ್ತಾನಿನಿಂದ 57 ಲಕ್ಷ, ಬಾಕಿಯಿಂದ 30 ಲಕ್ಷ, ಹೀಗೆ ಡ್ರಾಯಿಂಗ್ ಪವರ್, ಅಂದರೆ ಖಾತೆಯಿಂದ ಎತ್ತಬಹುದಾದ ಮೊತ್ತ, ಒಟ್ಟು 87 ಲಕ್ಷ ಬಂತು.

ನಿಜವಾಗಿ ತೋರಿಸಿದ 4 ಲಕ್ಷವಲ್ಲದೆ ದಲಾಲಿ ಅಂಗಡಿಗಳಿಗೆ ಭತ್ತದ ಹಣ ಇನ್ನೂ 28 ಲಕ್ಷ ಕೊಡುವುದಿತ್ತು, 14 ಲಕ್ಷದ ಬಾಕಿ 90 ದಿನ ದಾಟಿತ್ತು. ಹಣ ಕೊಡದ ಭತ್ತ ಗೋದಾಮಿನಲ್ಲಿದ್ದರೂ ಅದರ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ. 80ರಲ್ಲಿ 32 ಕಳೆದರೆ 48 ಲಕ್ಷ, ಮಾರ್ಜಿನ್ ಹೋಗಿ 36. ಬಾಕಿಯ 36 ಲಕ್ಷಕ್ಕೆ ಮಾರ್ಜಿನ್ ಹೋಗಿ 21.60. ಸರಿಯಾದ ಮೊತ್ತ 57.60 ಲಕ್ಷ. ಖಾತೆಯಲ್ಲಿ ಆಗಲೇ 85 ಲಕ್ಷ ಎತ್ತಿಯಾಗಿತ್ತು.

ಗೋದಾಮಿನ ಚೀಲ ಎಣಿಸಿದರೆ ಇದು ಸಿಗುವುದಿಲ್ಲ, ಏಕೆಂದರೆ ಚೀಲಗಳು ನಿಜವಾಗಿಯೂ ಅಲ್ಲಿದ್ದವು. ಆ ತಿಂಗಳ ಖರೀದಿಯ ಮೊತ್ತವನ್ನೂ ಖಾತೆಯಿಂದ ದಲಾಲರಿಗೆ ಹೋದ ಹಣವನ್ನೂ ಎದುರುಬದುರು ಇಟ್ಟರೆ ಸಾಕು. ಖರೀದಿ ಜಿಗಿದು, ಪಾವತಿ ಜಿಗಿಯದೆ, ಕೊಡಬೇಕಾದದ್ದು ಮಾತ್ರ 4 ಲಕ್ಷದಲ್ಲೇ ನಿಂತಿದ್ದರೆ ಅಲ್ಲೇ ಅನುಮಾನ ಬರಬೇಕು. ಬಾಕಿಯ ವಿಷಯದಲ್ಲಿ ಹಿಂದಿನ ತಿಂಗಳ ಪಟ್ಟಿ ನೋಡಬೇಕು. ಅಲ್ಲಿ 60ರಿಂದ 90 ದಿನದ ಸಾಲಿನಲ್ಲಿದ್ದ ಬಿಲ್ಲಿನ ಹಣ ಒಂದೋ ಖಾತೆಗೆ ಜಮೆಯಾಗಿರಬೇಕು, ಇಲ್ಲವೇ ಈ ತಿಂಗಳು 90 ದಿನ ದಾಟಿದ ಸಾಲಿಗೆ ಹೋಗಿರಬೇಕು. ಎರಡೂ ಆಗದೆ ಅದೇ ಗಿರಾಕಿಯ ಹೆಸರಿನಲ್ಲಿ ಹೊಸ ತಾರೀಕಿನ ಬಿಲ್ಲು ಬಂದಿದ್ದರೆ ಮೂಲ ಬಿಲ್ಲನ್ನೇ ತರಿಸಬೇಕು.

ಸ್ಟೇಟ್‌ಮೆಂಟೇ ಕೊಡದಿದ್ದರೆ ಉಳಿದೀತೆಂಬ ಆಸೆಯೂ ಬೇಡ: ಮೂರು ತಿಂಗಳಿಗಿಂತ ಹಳೆಯ ಸ್ಟೇಟ್‌ಮೆಂಟಿನ ಆಧಾರದ ಸಾಲವನ್ನು ರಿಸರ್ವ್ ಬ್ಯಾಂಕಿನ ನಿಯಮ ಅನಿಯಮಿತವೆಂದು ಪರಿಗಣಿಸುತ್ತದೆ, ಅದು ಸತತ 90 ದಿನ ಮುಂದುವರಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಎನಿಸುತ್ತದೆ.

ತಪ್ಪು ಬ್ಯಾಂಕಿನ ಕಡೆಯೂ ಆಗುವುದುಂಟು. ಇದೇ ಲೆಕ್ಕದಲ್ಲಿ ಮೊದಲು ಮಾರ್ಜಿನ್ ತೆಗೆದು ಆಮೇಲೆ ಕೊಡಬೇಕಾದ 32 ಲಕ್ಷ ಕಳೆದರೆ ದಾಸ್ತಾನಿನ ಪಾಲು 36ರ ಬದಲು 28 ಲಕ್ಷಕ್ಕಿಳಿದು ಗಿರಣಿಗೆ 8 ಲಕ್ಷ ಕಡಿಮೆಯಾಗುತ್ತದೆ. ಆದ್ದರಿಂದ ಶಾಖೆಗಳು ಡ್ರಾಯಿಂಗ್ ಪವರ್ ಲೆಕ್ಕದ ಹಾಳೆಯ ಪ್ರತಿಯನ್ನು ಪ್ರತಿ ತಿಂಗಳೂ ಖಾತೆದಾರರಿಗೆ ಕೊಡಬೇಕೆಂದು ಕೋರುತ್ತೇನೆ.

– ಲೆಕ್ಕಪತ್ರ ಬರೆಯುವ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ