ಹಳೆ ಚಿನ್ನ ಬದಲಿಸುವಾಗ ಇನ್ನು ಮೇಲೆ ಎರಡು ಬಿಲ್ಲು: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರಿಯ ಗ್ರಾಹಕರೇ,

ಬದಿಯಡ್ಕದ ನಮ್ಮ ಅಂಗಡಿಗೆ ಹಳೆ ಚಿನ್ನ ತಂದು ಹೊಸ ಒಡವೆ ಒಯ್ಯುವವರೇ ಜಾಸ್ತಿ. ಇಷ್ಟು ವರ್ಷ ನಾವು ಇದಕ್ಕೆ ಒಂದೇ ಬಿಲ್ಲು ಮಾಡುತ್ತಿದ್ದೆವು. ಹೊಸ ಒಡವೆಯ ಹೆಸರು, ಅದರ ಕೆಳಗೆ 'ಹಳೆ ಚಿನ್ನ ಕಳೆದು ಕೊಡಬೇಕಾದದ್ದು ಇಷ್ಟು' ಎಂದು ಒಂದು ಮೊತ್ತ. ಬರುವ ತಿಂಗಳ 1ನೇ ತಾರೀಖಿನಿಂದ ಹಾಗೆ ಮಾಡುವುದಿಲ್ಲ. ನಿಮ್ಮ ಹಳೆ ಚಿನ್ನವನ್ನು ನಾವು ಕೊಂಡದ್ದಕ್ಕೆ ಒಂದು ರಶೀದಿ, ಹೊಸ ಒಡವೆಯನ್ನು ನೀವು ಕೊಂಡದ್ದಕ್ಕೆ ಪೂರ್ತಿ ಬೆಲೆಯ ಇನ್ನೊಂದು ಬಿಲ್ಲು. ಎರಡರಲ್ಲೂ ವಿವರ ಕನ್ನಡದಲ್ಲಿ ಇರುತ್ತದೆ.

ಯಾಕೆ ಈ ಬದಲಾವಣೆ ಅಂತ ಹೇಳಬೇಕಾದರೆ ನಮ್ಮ ಅಂಗಡಿಯಲ್ಲೇ ಆದ ಒಂದು ವಿಷಯ ಹೇಳಬೇಕು. ಸಂಬಂಧಪಟ್ಟವರ ಒಪ್ಪಿಗೆ ಕೇಳಿ, ಹೆಸರು ಬಿಟ್ಟು ಬರೆಯುತ್ತಿದ್ದೇನೆ.

2025ರ ಮೇ ತಿಂಗಳಲ್ಲಿ ಒಬ್ಬ ಮಾಷ್ಟ್ರು ಮತ್ತು ಅವರ ತಂಗಿ ಒಟ್ಟಿಗೆ ಬಂದರು. ತೀರಿಹೋದ ತಾಯಿಯ ಬಳೆಗಳನ್ನು ಇಬ್ಬರೂ ಪಾಲು ಮಾಡಿಕೊಂಡಿದ್ದರು. ಒಬ್ಬೊಬ್ಬರಿಗೆ ನಾಲ್ಕು ಪವನ್, ಅಂದರೆ 32 ಗ್ರಾಂ. ಬಳೆಗಳು ಗುಲಾಬಿ ಕಾಗದದಲ್ಲಿ ಸುತ್ತಿದ್ದವು. ಕಾಗದ ಮಡಿಕೆಯಲ್ಲೇ ಹರಿದು ಬರುವಷ್ಟು ಹಳತು. ತಾಯಿ ಅದನ್ನು ಕೊಂಡದ್ದು 1988ರಲ್ಲಂತೆ, ಬಿಲ್ಲು ಇಲ್ಲ. ಕರಗಿಸಿದ ಮೇಲೆ ಬೆಸುಗೆ, ಕೊಳೆ ಹೋಗಿ ಇಬ್ಬರದ್ದೂ 31 ಗ್ರಾಂ ನಿಂತಿತು. ಗ್ರಾಮಿಗೆ 9,000 ರೂಪಾಯಿಯಂತೆ 2,79,000 ಆಯಿತು. ಇಬ್ಬರೂ ಒಂದೇ ತರದ ಸರ ಆರಿಸಿದರು. ಮಜೂರಿ, ಜಿಎಸ್‌ಟಿ ಎಲ್ಲ ಸೇರಿ ಒಂದರ ಬೆಲೆ 3,70,000. ನಾವು ಬಿಲ್ಲಿನಲ್ಲಿ ಬರೆದದ್ದು 91,000 ಮಾತ್ರ.

ರಿಟರ್ನ್ ತುಂಬುವ ಹೊತ್ತಿಗೆ ಮಾಷ್ಟ್ರು ಆ ಬಿಲ್ಲು ಹಿಡಿದುಕೊಂಡು ಮತ್ತೆ ಬಂದರು. "ನಾನು ಚಿನ್ನ ಮಾರಿದ್ದೇ ಇಲ್ಲವಲ್ಲ, ಬದಲಿಸಿದ್ದು ಅಷ್ಟೇ. ಆಡಿಟರು ತೆರಿಗೆ ಅಂತಾರೆ" ಎಂದರು. ಆಡಿಟರು ಹೇಳಿದ್ದು ಸರಿ. ಆದಾಯ ತೆರಿಗೆ ಕಾನೂನಿನಲ್ಲಿ ಮಾರುವುದೂ ಒಂದೇ, ಬದಲಿಸಿಕೊಳ್ಳುವುದೂ ಒಂದೇ. ಹಣ ಕೈಗೆ ಬರದಿದ್ದರೂ ಹಳೆ ಬಳೆ ಆ ದಿನ 2,79,000ಕ್ಕೆ ಮಾರಾಟವಾದ ಹಾಗೆಯೇ. ಇದನ್ನು ನಾವು ಕೌಂಟರಿನಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಅದು ನಮ್ಮ ತಪ್ಪು.

ಲೆಕ್ಕ ಹೀಗೆ. ತಾಯಿಯಿಂದ ಬಂದ ಚಿನ್ನವಾದರೆ ತಾಯಿ ಕೊಂಡ ಬೆಲೆಯೇ ಮಕ್ಕಳ ಖರೀದಿ ಬೆಲೆ. ತಾಯಿ ಇಟ್ಟುಕೊಂಡಿದ್ದ ವರ್ಷಗಳೂ ಮಕ್ಕಳ ಲೆಕ್ಕಕ್ಕೆ ಸೇರುತ್ತವೆ. ಮದುವೆಯಲ್ಲಿ ಅಪ್ಪ ಅಮ್ಮ ಉಡುಗೊರೆ ಕೊಟ್ಟ ಚಿನ್ನಕ್ಕೂ ಇದೇ ರೀತಿ. ಚಿನ್ನ 2001ರ ಏಪ್ರಿಲ್ 1ಕ್ಕಿಂತ ಮೊದಲಿನದ್ದಾದರೆ, ಕೊಂಡ ಬೆಲೆಯ ಬದಲು ಆ ದಿನ ಅದಕ್ಕೆ ಇದ್ದ ಪೇಟೆ ಬೆಲೆಯನ್ನು ಹಿಡಿಯಬಹುದು. 1988ರ ಬಿಲ್ಲು ಇಲ್ಲದ ಮಾಷ್ಟ್ರಿಗೆ ಇದು ಅನುಕೂಲವಾಯಿತು. ನೋಂದಾಯಿತ ಮೌಲ್ಯಮಾಪಕರು 32 ಗ್ರಾಮಿಗೆ 12,200 ರೂಪಾಯಿ ಎಂದು ಬರೆದುಕೊಟ್ಟರು. 2,79,000ರಲ್ಲಿ ಅದನ್ನು ಕಳೆದರೆ ಲಾಭ 2,66,800.

ಒಡವೆ, ನಾಣ್ಯ, ಗಟ್ಟಿ ಯಾವುದೇ ಆಗಲಿ, 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡು ಮಾರಿದರೆ ಲಾಭ ದೀರ್ಘಾವಧಿಯದ್ದು. ಅದಕ್ಕೆ ತೆರಿಗೆ ನೂರಕ್ಕೆ 12.5. 2024ರ ಜುಲೈ 23ಕ್ಕಿಂತ ಮೊದಲು 36 ತಿಂಗಳು ಕಾಯಬೇಕಿತ್ತು, ದರ ನೂರಕ್ಕೆ 20 ಇತ್ತು. ಆದರೆ ಆಗ ಬೆಲೆಯೇರಿಕೆಯ ಸೂಚ್ಯಂಕ ಹಿಡಿದು ಖರೀದಿ ಬೆಲೆಯನ್ನು ಹೆಚ್ಚಿಸಿಕೊಳ್ಳಬಹುದಿತ್ತು. ಈಗ ಆ ಅವಕಾಶ ಚಿನ್ನಕ್ಕೆ ಇಲ್ಲ. ದರ ಇಳಿಯಿತು ಅಂತ ಖುಷಿಪಟ್ಟವರಲ್ಲಿ ತುಂಬಾ ಹಳೆ ಚಿನ್ನ ಇರುವವರು ಇದನ್ನು ಗಮನಿಸಬೇಕು. ಅವರಿಗೆ 2001ರ 12,200 ಇವತ್ತಿಗೂ 12,200 ಆಗಿಯೇ ಉಳಿಯುತ್ತದೆ.

ಮಾಷ್ಟ್ರಿಗೆ ಬಂದ ತೆರಿಗೆ 33,350. ಸೆಸ್ ನೂರಕ್ಕೆ 4ರಂತೆ 1,334. ಒಟ್ಟು 34,684. ಮಾರ್ಚ್ ಒಳಗೆ ಮುಂಗಡ ತೆರಿಗೆ ಕಟ್ಟದೆ ಇದ್ದುದರಿಂದ ಅದರ ಮೇಲೆ ಬಡ್ಡಿಯೂ ಬಿತ್ತು. ಅವರಿಗೆ ಬೇಸರವಾದದ್ದು ಇನ್ನೊಂದು ಕಾರಣಕ್ಕೆ. ಅವರ ಸಂಬಳದ ಆದಾಯ 7 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ ತೆರಿಗೆ ಇಲ್ಲ ಅಂತ ಎಲ್ಲರೂ ಹೇಳುತ್ತಾರಲ್ವಾ? ಸಂಬಳಕ್ಕೆ ಅದು ನಿಜ. ಆದರೆ ಆ 12 ಲಕ್ಷದ ಮಾತು ಬಂದಿರುವುದು ಒಂದು ರಿಯಾಯಿತಿಯಿಂದ. ನೂರಕ್ಕೆ 12.5ರಂತೆ ಬೇರೆ ದರದಲ್ಲಿ ಹಾಕುವ ತೆರಿಗೆಗೆ ಆ ರಿಯಾಯಿತಿ ಸಿಗುವುದಿಲ್ಲ. ಹಾಗಾಗಿ ಸಂಬಳಕ್ಕೆ ಒಂದು ರೂಪಾಯಿಯೂ ತೆರಿಗೆ ಇಲ್ಲದ ಮಾಷ್ಟ್ರು ಬಳೆಗೆ 34 ಸಾವಿರ ಕಟ್ಟಬೇಕಾಯಿತು.

ಅದೇ ಬಳೆ, ಅದೇ ತೂಕ, ಆದರೆ ತಂಗಿಗೆ ಏನೂ ಕಟ್ಟಲಿಕ್ಕಿರಲಿಲ್ಲ. ಅವರು ಮನೆಯಲ್ಲೇ ಇರುವವರು, ಬೇರೆ ಆದಾಯ ಇಲ್ಲ. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ. ಬೇರೆ ಆದಾಯ ಆ ಮಿತಿಯನ್ನು ತುಂಬದಿದ್ದರೆ, ಇಲ್ಲೇ ವಾಸ ಇರುವವರು ಉಳಿದ ಭಾಗಕ್ಕೆ ಚಿನ್ನದ ಲಾಭವನ್ನು ಸೇರಿಸಿಕೊಳ್ಳಬಹುದು. ಅವರ 2,66,800 ಪೂರ್ತಿ ಅದರೊಳಗೆ ಬಂತು. ಗಲ್ಫಿನಲ್ಲಿ ಇದ್ದು ಇಲ್ಲಿ ಅನಿವಾಸಿ ಎಂದು ಲೆಕ್ಕಕ್ಕೆ ಬರುವವರಿಗೆ ಈ ಅನುಕೂಲ ಇಲ್ಲ. ನಮ್ಮ ಊರಿನಲ್ಲಿ ಅಂಥವರು ಮನೆಗೊಬ್ಬರು ಇರುವುದರಿಂದ ಹೇಳುತ್ತಿದ್ದೇನೆ. ಮನೆಯಲ್ಲಿ ಚಿನ್ನ ಪಾಲು ಮಾಡುವಾಗ, ಯಾರ ಹೆಸರಿನಲ್ಲಿ ಮಾರುತ್ತೀರಿ ಎನ್ನುವುದು ಹೀಗೆ ಲೆಕ್ಕಕ್ಕೆ ಬರುತ್ತದೆ. ಆದರೆ ಅಣ್ಣನ ಪಾಲಿನ ಬಳೆಯನ್ನು ಸುಮ್ನೆ ತಂಗಿಯ ಹೆಸರಿನಲ್ಲಿ ಬರೆಯಿರಿ ಅಂದರೆ ನಾವು ಬರೆಯುವುದಿಲ್ಲ. ಚಿನ್ನ ಯಾರದ್ದೋ ರಶೀದಿ ಅವರ ಹೆಸರಿಗೇ.

24 ತಿಂಗಳು ತುಂಬುವ ಮೊದಲು ಮಾರಿದರೆ ಲಾಭ ನಿಮ್ಮ ಉಳಿದ ಆದಾಯಕ್ಕೆ ಸೇರಿ ಮಾಮೂಲಿ ಹಂತದ ದರದಲ್ಲೇ ತೆರಿಗೆ. ಆ ತೆರಿಗೆಗೆ 12 ಲಕ್ಷದ ರಿಯಾಯಿತಿ ಸಿಗುತ್ತದೆ. ಅಂದರೆ ಒಟ್ಟು ಆದಾಯ 12 ಲಕ್ಷದ ಒಳಗಿದ್ದು ಹೊಸ ಪದ್ಧತಿಯಲ್ಲಿರುವವರಿಗೆ ಎರಡು ವರ್ಷ ಕಾದು ಮಾರುವುದಕ್ಕಿಂತ ಮೊದಲೇ ಮಾರಿದರೆ ತೆರಿಗೆ ಕಡಿಮೆ ಬರಬಹುದು. ಆದಾಯ ಜಾಸ್ತಿ ಇರುವವರಿಗೆ ಕಾಯುವುದೇ ಲಾಭ.

ಈಗ ಒಂದೇ ಬಿಲ್ಲಿನ ತೊಂದರೆಗೆ ಬರುತ್ತೇನೆ. ಬದಲಿಸಿದ ದಿನದಿಂದ ಹೊಸ ಸರಕ್ಕೆ ಹೊಸ ಲೆಕ್ಕ ಶುರು. 24 ತಿಂಗಳೂ ಆ ದಿನದಿಂದಲೇ, ತಾಯಿಯ 1988 ಅಲ್ಲಿಗೆ ಮುಗಿಯಿತು. ಸರದ ಖರೀದಿ ಬೆಲೆ 3,70,000. ಮಜೂರಿ, ಜಿಎಸ್‌ಟಿ ಕೂಡ ಅದರಲ್ಲಿ ಸೇರಿದ್ದು. ಆದರೆ ನಮ್ಮ ಬಿಲ್ಲು ಹೇಳಿದ್ದು 91,000. ಮುಂದೆ ಎಂದಾದರೂ ಆ ಸರ 5,00,000ಕ್ಕೆ ಹೋಯಿತು ಅಂತಿಟ್ಟುಕೊಳ್ಳಿ. ಸರಿಯಾದ ಲಾಭ 1,30,000, ಅದಕ್ಕೆ ತೆರಿಗೆ 16,250. ನಮ್ಮ ಬಿಲ್ಲು ನೋಡಿದರೆ ಲಾಭ 4,09,000, ತೆರಿಗೆ 51,125. ಒಂದೇ ಚಿನ್ನಕ್ಕೆ ಎರಡು ಸಲ ತೆರಿಗೆ ಕಟ್ಟಿದ ಹಾಗೆ. ಎರಡು ಬಿಲ್ಲು ಮಾಡುವುದು ಮುಖ್ಯವಾಗಿ ಇದಕ್ಕೇ.

ತೆರಿಗೆ ಬೇಡ, ಅಮ್ಮನ ಚಿನ್ನ ಕೈಬಿಡುವುದೂ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ನಿಮ್ಮ ಚಿನ್ನವನ್ನೇ ಕರಗಿಸಿ ಅದರಿಂದಲೇ ಹೊಸ ಒಡವೆ ಮಾಡಿಸಿಕೊಳ್ಳಿ. ಚಿನ್ನ ನಿಮ್ಮದಾಗಿಯೇ ಇರುವುದರಿಂದ ಅಲ್ಲಿ ಮಾರಾಟ ಇಲ್ಲ. ನೀವು ಕೊಡುವುದು ಮಜೂರಿ ಮತ್ತು ಅದರ ಜಿಎಸ್‌ಟಿ ಮಾತ್ರ. ಇದಕ್ಕೆ ಬೇರೆಯೇ ಚೀಟಿ ಕೊಡುತ್ತೇವೆ. ಕೊಟ್ಟ ತೂಕ, ಕರಗಿಸಿದ ಮೇಲಿನ ತೂಕ, ಮಾಡಿದ ಒಡವೆಯ ತೂಕ ಮೂರೂ ಅದರಲ್ಲಿ ಇರುತ್ತದೆ. ಸಮಯ ಸ್ವಲ್ಪ ಹಿಡಿಯುತ್ತದೆ, ಶೋಕೇಸಿನಲ್ಲಿ ಇರುವ ಸರವನ್ನು ಆ ದಿನವೇ ಕೊರಳಿಗೆ ಹಾಕಿಕೊಂಡು ಹೋಗಲಿಕ್ಕೆ ಆಗುವುದಿಲ್ಲ. ಬೆಸುಗೆ ಜಾಸ್ತಿ ಇರುವ ಹಳೆ ಒಡವೆಯಾದರೆ 916 ಬರಿಸಲು ಸ್ವಲ್ಪ ಶುದ್ಧ ಚಿನ್ನ ಸೇರಿಸಬೇಕಾಗುತ್ತದೆ. ಅದಕ್ಕೆ ಬೇರೆ ಬಿಲ್ಲು.

ಫೋನಿನಲ್ಲಿ ಚಿನ್ನ ಕೊಂಡ ಮಕ್ಕಳು ಅದರ ಬಗ್ಗೆಯೂ ಕೇಳುತ್ತಾರೆ. ಡಿಜಿಟಲ್ ಚಿನ್ನಕ್ಕೆ ಒಡವೆಯ ಹಾಗೆಯೇ 24 ತಿಂಗಳು. ಚಿನ್ನದ ಮ್ಯೂಚುವಲ್ ಫಂಡಿಗೂ ಅಷ್ಟೇ. ಷೇರು ಪೇಟೆಯಲ್ಲಿ ಮಾರುವ ಗೋಲ್ಡ್ ಇಟಿಎಫ್ ಆದರೆ 12 ತಿಂಗಳು ಸಾಕು. ದರ ಎಲ್ಲದಕ್ಕೂ ನೂರಕ್ಕೆ 12.5. ರಿಸರ್ವ್ ಬ್ಯಾಂಕಿನ ಚಿನ್ನದ ಬಾಂಡನ್ನು ಬಿಡುಗಡೆಯಾದಾಗಲೇ ಕೊಂಡು 8 ವರ್ಷ ಪೂರ್ತಿ ಇಟ್ಟವರಿಗೆ ಮಾತ್ರ ಕೊನೆಯಲ್ಲಿ ಬರುವ ಲಾಭಕ್ಕೆ ತೆರಿಗೆ ಇಲ್ಲ. ಬಾಂಡಿನ ಬಡ್ಡಿಗೆ ಪ್ರತಿ ವರ್ಷ ತೆರಿಗೆ ಇದೆ. ಬೇರೆಯವರಿಂದ ಪೇಟೆಯಲ್ಲಿ ಕೊಂಡ ಬಾಂಡಿಗೂ ಈ ವಿನಾಯಿತಿ ಇದೆ ಅಂತ ನಂಬಿ ಕೂರಬೇಡಿ.

ಇನ್ನು ಬರುವಾಗ ಪಾನ್ ಕಾರ್ಡ್ ತನ್ನಿ, ಬ್ಯಾಂಕ್ ಪಾಸ್‌ಬುಕ್ ತನ್ನಿ. ಚಿನ್ನ ಕೊಟ್ಟು ಹಣ ಒಯ್ಯುವವರಿಗೆ ಖಾತೆಗೇ ಹಾಕುತ್ತೇವೆ. ಒಂದು ದಿನ ಒಬ್ಬರಿಗೆ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ನಮ್ಮ ಲೆಕ್ಕದಲ್ಲಿ ಒಪ್ಪುವುದಿಲ್ಲ. ಹಳೆ ಬಿಲ್ಲು ಎಷ್ಟೇ ಮಾಸಿದ್ದರೂ ತನ್ನಿ, ತಾರೀಖು ಕಂಡರೂ ಉಪಯೋಗ ಇದೆ. 2001ಕ್ಕಿಂತ ಹಿಂದಿನ ಒಡವೆಯಾದರೆ ಕರಗಿಸುವ ಮೊದಲೇ ಮೌಲ್ಯಮಾಪಕರಿಗೆ ತೋರಿಸಿ, ಒಂದು ಫೋಟೋ ಇಟ್ಟುಕೊಳ್ಳಿ. ಮಾಷ್ಟ್ರ ಬಳೆಯ ತೂಕ ನಮ್ಮ ಪುಸ್ತಕದಲ್ಲಿ ಬರೆದಿತ್ತು, ಹಾಗಾಗಿ ಬಚಾವಾದರು. ಸಂಬಳದವರು ಐಟಿಆರ್-1ರಲ್ಲಿ ಚಿನ್ನದ ಲಾಭ ತೋರಿಸಲಿಕ್ಕೆ ಆಗುವುದಿಲ್ಲ, ಐಟಿಆರ್-2 ತುಂಬಬೇಕು.

ಮೊದಲು ನಮ್ಮಲ್ಲಿ ಚಿನ್ನ ಬದಲಿಸಿ ಒಂದೇ ಬಿಲ್ಲು ತೆಗೆದುಕೊಂಡು ಹೋದವರು ಆ ಬಿಲ್ಲು ತನ್ನಿ. ನಮ್ಮ ದಿನವಹಿ ಪುಸ್ತಕ ನೋಡಿ, ಹಳೆ ಚಿನ್ನದ ತೂಕ, ಆ ದಿನದ ದರ, ಹೊಸ ಒಡವೆಯ ಪೂರ್ತಿ ಬೆಲೆ ಬರೆದು ಸಹಿ ಹಾಕಿ ಕೊಡುತ್ತೇವೆ. ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಮಧ್ಯಾಹ್ನ ಊಟದ ನಂತರ ಬಂದರೆ ಕೂತು ಹುಡುಕಲು ನಮಗೂ ಪುರುಸೊತ್ತು ಇರುತ್ತದೆ.

ನಿಮ್ಮ ವಿಶ್ವಾಸದ,
ಅಂಗಡಿಯ ಮಾಲೀಕರು
ಬದಿಯಡ್ಕ, ಕಾಸರಗೋಡು ಜಿಲ್ಲೆ