ಹೊಸ ಸಿಮ್‌ನಿಂದ ಮೆಸೇಜ್ ಹೋಗದಿರುವ ಬಗ್ಗೆ ದೂರು

ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು
10 ಡಿಸೆಂಬರ್ 2025

ಗೆ,
ವ್ಯವಸ್ಥಾಪಕರು, ಗ್ರಾಹಕ ದೂರು ವಿಭಾಗ

ವಿಷಯ: ಸಿಮ್‌ನಲ್ಲಿ ತಪ್ಪು ಮೆಸೇಜ್ ಸೆಂಟರ್ ನಂಬರ್, ‘ಹ್ಯಾಂಡ್‌ಸೆಟ್ ದೋಷ’ ಎಂದು ದೂರು ಮುಚ್ಚಿರುವುದು

ಮಾನ್ಯರೇ,

ನಾನು ಇಲ್ಲಿನ ಕಾಫಿ ತೋಟವೊಂದರಲ್ಲಿ ರೈಟರ್. ನಮ್ಮ ಮೇಸ್ತ್ರಿಯದು ಕೀಪ್ಯಾಡ್ ಫೋನು, ಲೈನ್ ಮನೆ ಹತ್ತಿರ ಕಾಲ್ ಸಿಗುವುದು ಅಪರೂಪ. ಹಾಗಾಗಿ ನಾಳೆ ಯಾವ ಬ್ಲಾಕಿನ ಹಣ್ಣು ಕುಯ್ಯಬೇಕೆಂದು ರಾತ್ರಿಯೇ ಮೆಸೇಜ್ ಹಾಕಿಬಿಡುತ್ತೇನೆ. ಸಿಗ್ನಲ್ ಬಂದಾಗ ಅದು ಸೇರಿಕೊಳ್ಳುತ್ತದೆ.

ನವೆಂಬರ್ 24ರಂದು ನಿಮ್ಮವರು ಸಂತೆಯಲ್ಲಿ ಕೊಡೆ ಹಾಕಿಕೊಂಡು ಕೂತಿದ್ದಾಗ ಹಳೇ ಸಿಮ್ ಕೊಟ್ಟು ಹೊಸದು ಪಡೆದೆ. ಸಿಮ್ ಬದಲಿಸಿದ ಮೇಲೆ 24 ಗಂಟೆ ಮೆಸೇಜ್ ಇರುವುದಿಲ್ಲವೆಂದು ಗೊತ್ತಿತ್ತು, ಕಾದೆ. ಆಮೇಲೂ ಕಾಲ್, ನೆಟ್, ಬರುವ ಮೆಸೇಜ್ ಎಲ್ಲವೂ ಸರಿ. ನಾನು ಕಳಿಸಿದ್ದು ಮಾತ್ರ Message not sent.

ಕಸ್ಟಮರ್ ಕೇರ್‌ನವರು ಮೊದಲು ಬ್ಯಾಲೆನ್ಸ್ ಅಂದರು. ನನ್ನ ಪ್ಯಾಕಿನಲ್ಲಿ ದಿನಕ್ಕೆ 100 ಮೆಸೇಜ್ ಇದೆ, ಅವತ್ತು ಒಂದೂ ಹೋಗಿರಲಿಲ್ಲ. ಎರಡನೇ ಸಲ, ಆ ಕಡೆಯವರು ನಿಮ್ಮನ್ನು ಬ್ಲಾಕ್ ಮಾಡಿರಬಹುದು ಅಂದರು. ಅವರು ಬ್ಲಾಕ್ ಮಾಡಿದ್ದರೂ ನನ್ನ ಫೋನಿನಿಂದ ಮೆಸೇಜ್ ಹೊರಟೇ ಹೋಗುತ್ತದೆ, ಅವರಿಗೆ ಕಾಣುವುದಿಲ್ಲ ಅಷ್ಟೆ. ನನ್ನದು ಹೊರಡುತ್ತಲೇ ಇರಲಿಲ್ಲ. ನನ್ನ ನಂಬರಿಗೆ ನಾನೇ ಕಳಿಸಿಕೊಂಡರೂ ಅದೇ ಕಥೆ. ನನ್ನನ್ನು ನಾನೇ ಬ್ಲಾಕ್ ಮಾಡಿಕೊಂಡಿಲ್ಲವಷ್ಟೆ! ಮೂರನೇ ಸಲ, ಎರಡು ಸಿಮ್ ಇರುವ ಫೋನು, ತಪ್ಪು ಸಿಮ್ ಆರಿಸಿದ್ದೀರಿ ಅಂದರು. ಅದನ್ನೂ ನೋಡಿದೆ. ಅದೇ ಫೋನಿನಲ್ಲಿ ಬೇರೆ ಕಂಪನಿಯ ಸಿಮ್ ಆರಿಸಿದರೆ ಮೆಸೇಜ್ ಹೋಗುತ್ತದೆ, ನಿಮ್ಮದು ಆರಿಸಿದರೆ ಇಲ್ಲ. ಇಷ್ಟು ಹೇಳಿದರೂ ‘ಹ್ಯಾಂಡ್‌ಸೆಟ್ ದೋಷ’ ಎಂದು ದೂರು ಮುಚ್ಚಿದಿರಿ.

ಅಷ್ಟರಲ್ಲಿ ಒಂದು ದಿನ ಕೆಳಗಿನ ಬ್ಲಾಕಿಗೆ ಹೋಗಬೇಕಾದ 14 ಜನ ಮೇಲಿನದಕ್ಕೆ ಹೋಗಿ, ಹಣ್ಣಾಗದ ಗಿಡದ ಬುಡದಲ್ಲಿ ಚೀಲ ಹಿಡಿದು ನಿಂತಿದ್ದರು. ಬೈಸಿಕೊಂಡವನು ನಾನು.

ಕೊನೆಗೆ ನಿಮ್ಮ ಸಿಮ್ಮನ್ನು ಮನೆಯವಳ ಕೀಪ್ಯಾಡ್ ಫೋನಿಗೆ ಹಾಕಿದೆ. ಅಲ್ಲೂ ಮೆಸೇಜ್ ಹೋಗಲಿಲ್ಲ. ಮೆಸೇಜ್ ಸೆಟ್ಟಿಂಗ್ಸ್‌ನಲ್ಲಿ ಮೆಸೇಜ್ ಸೆಂಟರ್ ನಂಬರ್ ತೆರೆದರೆ +91 ಆದಮೇಲೆ ಒಂಬತ್ತೇ ಅಂಕಿ. ಪಕ್ಕದ ಮನೆಯವರ ಹತ್ತಿರ ನಿಮ್ಮದೇ ಕಂಪನಿಯ ಹಳೇ ಕರ್ನಾಟಕದ ಸಿಮ್ ಇದೆ, ಅದರಲ್ಲಿ ಹತ್ತು. ಮೊದಲ ಒಂಬತ್ತು ಒಂದೇ, ಕೊನೆಯದು ನನ್ನದರಲ್ಲಿ ಬಿಟ್ಟುಹೋಗಿದೆ. ಕಳಿಸುವ ಪ್ರತಿ ಮೆಸೇಜೂ ಮೊದಲು ಆ ಸೆಂಟರಿಗೇ ಹೋಗಬೇಕು. ವಿಳಾಸವೇ ಅರ್ಧವಾದರೆ ಎಲ್ಲಿಗೆ ಹೋದೀತು? ಆ ಅಂಕಿ ಸೇರಿಸಿ ಸೇವ್ ಮಾಡಿದೆ, ತಕ್ಷಣ ಹೋಯಿತು. ನಂಬರ್ ಸಿಮ್ಮಿನಲ್ಲೇ ಉಳಿಯುವುದರಿಂದ ನನ್ನ ಫೋನಿಗೆ ವಾಪಸ್ ಹಾಕಿದ ಮೇಲೂ ಹೋಗುತ್ತಿದೆ.

ನನ್ನದು ಸರಿಯಾಯಿತು. ಆದರೆ ಅದೇ ದಿನ ಅದೇ ಕೊಡೆಯಡಿ ಸಿಮ್ ತಗೊಂಡ ನಮ್ಮ ತೋಟದ ಇನ್ನಿಬ್ಬರದರಲ್ಲೂ ಒಂಬತ್ತೇ ಅಂಕಿ ಇದೆ. ಅವರದನ್ನು ನಾನು ಮುಟ್ಟಿಲ್ಲ, ನಿಮ್ಮವರೇ ಬಂದು ನೋಡಲಿ. ಅಂದು ಇಲ್ಲಿ ಕೊಟ್ಟ ಸಿಮ್‌ಗಳನ್ನೆಲ್ಲ ಪರಿಶೀಲಿಸಿ, ನನ್ನ ದೂರಿನಲ್ಲಿ ‘ಹ್ಯಾಂಡ್‌ಸೆಟ್ ದೋಷ’ ಎಂದು ಬರೆದದ್ದನ್ನು ತಿದ್ದಿ, ಲಿಖಿತ ಉತ್ತರ ಕೊಡಿ. ಇಲ್ಲವಾದರೆ ಅವಧಿ ಮೀರುವ ಮೊದಲು ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುತ್ತೇನೆ. ಎರಡೂ ಫೋನಿನ ಪರದೆಯ ಫೋಟೋ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ