ಹೆಲೆನ್ ಅನ್ನಲೋ, ಪ್ರೊಫೆಸರ್ ಕಾರ್ಟರ್ ಅನ್ನಲೋ?

ಪ್ರೀತಿಯ ಪುಟ್ಟಿಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ಕೇಳಿದ್ದಕ್ಕೆ ಅವಸರದಲ್ಲಿ ಉತ್ತರ ಹೇಳಿದೆ. ಆಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮುಖ ನೋಡದ ಒಬ್ಬ ಪ್ರೊಫೆಸರಿಗೆ ಇಂಗ್ಲಿಷಿನಲ್ಲಿ ಮೊದಲ ಮೇಲ್ ಬರೆಯಬೇಕು. ವಿಷಯವೆಲ್ಲ ಬರೆದಾಯಿತು, ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೀಯ. ಆಕೆಯ ಹೆಸರು ನೀನು ಹೇಳಲಿಲ್ಲ. ಸದ್ಯಕ್ಕೆ ಹೆಲೆನ್ ಕಾರ್ಟರ್ ಅಂತ ಇಟ್ಟುಕೊಳ್ಳೋಣ. ಹೆಲೆನ್ ಆಕೆಗೆ ಇಟ್ಟ ಹೆಸರು, ಕಾರ್ಟರ್ ಮನೆತನದ ಹೆಸರು.

ನೀನು ಮೊದಲು ‘ರೆಸ್ಪೆಕ್ಟೆಡ್ ಮೇಡಮ್’ ಎಂದು ಬರೆದೆ. ಅದನ್ನು ಹೊಡೆದು ‘ಡಿಯರ್ ಮಿಸೆಸ್ ಹೆಲೆನ್’ ಎಂದೆ. ಕೊನೆಗೆ ಗೆಳತಿಯರ ಮಾತು ಕೇಳಿ ‘ಹಾಯ್ ಹೆಲೆನ್’ ಎಂದೆ. ಈ ಮೂರೂ ಬೇಡ. ‘ಡಿಯರ್ ಪ್ರೊಫೆಸರ್ ಕಾರ್ಟರ್’ ಎಂದು ಬರೆ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಮಾತಿನಲ್ಲಿ ನೀನು ಬೇರೆ, ನೀವು ಬೇರೆ. ಬಾ ಅನ್ನುವುದು ಬೇರೆ, ಬನ್ನಿ ಅನ್ನುವುದು ಬೇರೆ. ಹೆಸರು ಹಿಡಿದು ಕರೆದರೂ ಹಿಂದೆ ‘ಅವರೇ’ ಅಂತ ಸೇರಿಸಿಬಿಟ್ಟರೆ ಮರ್ಯಾದೆ ಬಂದುಬಿಡುತ್ತದೆ. ಇಂಗ್ಲಿಷಿನಲ್ಲೂ ಹಿಂದೆ ‘ದೌ’ ಮತ್ತು ‘ಯು’ ಅಂತ ಎರಡಿದ್ದವು. ‘ದೌ’ ಬಳಕೆಯಿಂದ ಬಿದ್ದುಹೋಯಿತು. ಈಗ ಮಗುವಿಗೂ ‘ಯು’, ಮುದುಕರಿಗೂ ‘ಯು’. ಹಾಗಾಗಿ ನಾವು ನೀನು-ನೀವುಗಳಲ್ಲಿ ತೋರಿಸುವ ದೂರ ಹತ್ತಿರವನ್ನು ಅವರು ಬಹುಮಟ್ಟಿಗೆ ಹೆಸರಿನಲ್ಲೇ ತೋರಿಸಬೇಕು. ಹೆಲೆನ್ ಎಂದರೆ ಹತ್ತಿರ. ಪ್ರೊಫೆಸರ್ ಕಾರ್ಟರ್ ಎಂದರೆ ದೂರ ಮತ್ತು ಗೌರವ. ಮೊದಲ ಮೇಲ್‌ನಲ್ಲಿ ನೀನು ಹೆಸರು ಆರಿಸುವಾಗ ನಿಜವಾಗಿ ಆರಿಸುತ್ತಿರುವುದು ನೀನು, ನೀವುಗಳಲ್ಲಿ ಒಂದನ್ನು.

ಇದು ಗೊತ್ತಾದರೆ ‘ಡಿಯರ್’ ಬಗ್ಗೆ ನಿನಗಿರುವ ಮುಜುಗರ ಹೋಗುತ್ತದೆ. ಗುರುತಿಲ್ಲದವರಿಗೆ ‘ಪ್ರಿಯ’ ಅನ್ನುವುದು ಹೇಗೆ ಎಂದು ಕೇಳಿದೆಯಲ್ಲ? ಪತ್ರದ ತಲೆಯಲ್ಲಿ ಬರುವ ‘ಡಿಯರ್’ಗೆ ಪ್ರೀತಿಯ ಅರ್ಥ ಉಳಿದಿಲ್ಲ. ಸಾಲದ ಬಾಕಿ ಕೇಳುವ ಬ್ಯಾಂಕೂ ‘ಡಿಯರ್ ಮಿಸ್ಟರ್’ ಅಂತಲೇ ಶುರು ಮಾಡುತ್ತದೆ. ಆದರೆ ಒಂದು ಎಚ್ಚರ ಇರಲಿ. ‘ಡಿಯರ್’ ಮುಂದೆ ಹೆಸರೋ ಹುದ್ದೆಯೋ ಇದ್ದರೆ ಮಾತ್ರ ಅದು ಬರೀ ಶಿಷ್ಟಾಚಾರ. ಹೆಸರು ತೆಗೆದು ಒಂಟಿಯಾಗಿ ಬಿಟ್ಟರೆ ಹಳೆಯ ಅರ್ಥ ಎದ್ದು ಕೂರುತ್ತದೆ. ನಾನು ಕೆಲಸ ಮಾಡುತ್ತಿದ್ದ ಕಡೆ ಹೊಸದಾಗಿ ಸೇರಿದ ಹುಡುಗನೊಬ್ಬ ಗ್ರಾಹಕಿಯೊಬ್ಬರಿಗೆ ‘ಹಲೋ ಡಿಯರ್’ ಎಂದು ಬರೆದುಬಿಟ್ಟ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಮರ್ಯಾದೆ ಅಂತಲೇ ಬರೆದಿದ್ದ. ಆಕೆ ಮರುದಿನ ಅವನಿಗೆ ಉತ್ತರ ಬರೆಯಲೇ ಇಲ್ಲ, ಅವನ ಮೇಲಿನವರಿಗೆ ಬರೆದರು. ‘ಹಲೋ ಡಿಯರ್’ ಎಂದರೆ ‘ಏನಮ್ಮಾ ಚಿನ್ನ’ ಅಂದ ಹಾಗೆ. ಮನೆಯವರ ಬಾಯಲ್ಲಿ ಚೆಂದ, ಹೊರಗಿನವರ ಬಾಯಲ್ಲಿ ಅಲ್ಲ.

‘ಹಲೋ’ ಮತ್ತು ‘ಹಾಯ್’ ಹುಟ್ಟಿದ್ದು ಗಮನ ಸೆಳೆಯುವ ಕೂಗಾಗಿ. ‘ಹಲೋ’ಗೆ ಬೆಲೆ ಬಂದದ್ದು ಟೆಲಿಫೋನಿನಿಂದ. ಗ್ರಹಾಂ ಬೆಲ್‌ಗೆ ಹಡಗಿನವರು ಕೂಗುವ ‘ಅಹಾಯ್’ ಇಷ್ಟ ಇತ್ತು. ‘ಹಲೋ’ ಸಾಕು ಎಂದು 1877ರಲ್ಲಿ ಎಡಿಸನ್ ಬರೆದ, ಅದೇ ನಿಂತಿತು. ಹಾಗಾಗಿ ‘ಹಲೋ’ದಲ್ಲಿ ಅಂಥ ಗೌರವವೂ ಇಲ್ಲ, ಅಗೌರವವೂ ಇಲ್ಲ. ಯಾರು ಓದುತ್ತಾರೋ ಗೊತ್ತಿಲ್ಲದ ವಿಚಾರಣೆಯ ಮೇಲ್‌ಗೆ ಬರೀ ‘ಹಲೋ’ ಸಾಕು. ‘ಹಾಯ್’ ಜೊತೆಯವರಿಗೆ. ಹಲವು ಆಫೀಸುಗಳಲ್ಲಿ ಮೇಲಿನವರಿಗೂ ನಡೆಯುತ್ತದೆ, ಆದರೆ ಅಲ್ಲಿ ಸೇರಿ, ಉಳಿದವರು ಹೇಗೆ ಬರೆಯುತ್ತಾರೆ ಎಂದು ನಾಲ್ಕು ದಿನ ನೋಡಿದ ಮೇಲೆ.

ಈಗ ನಿನ್ನ ಮೂರು ಸಾಲುಗಳಿಗೆ ಬರುತ್ತೇನೆ. ‘ರೆಸ್ಪೆಕ್ಟೆಡ್ ಮೇಡಮ್’ ನಮ್ಮ ‘ಮಾನ್ಯರೇ’ಯನ್ನು ಇಂಗ್ಲಿಷಿಗೆ ಹೊತ್ತುಕೊಂಡು ಹೋದದ್ದು. ಇಲ್ಲಿ ಸರಿ, ಆದರೆ ಆ ಕಡೆಯವರಿಗೆ ಅದು ಕಿವಿಗೆ ಹೊಸದು. ಅದಕ್ಕಿಂತ ದೊಡ್ಡ ತಪ್ಪು, ಅದರಲ್ಲಿ ಆಕೆಯ ಹೆಸರೇ ಇಲ್ಲ. ಇದೇ ಮೇಲನ್ನು ಐವತ್ತು ಜನಕ್ಕೆ ಕಳಿಸಿರಬೇಕು ಎಂದು ಆಕೆ ಅಂದುಕೊಳ್ಳಬಹುದು. ಹೆಸರು ಗೊತ್ತಿದ್ದಾಗ ಹೆಸರು ಬರೆಯುವುದೇ ಮರ್ಯಾದೆ.

‘ಮಿಸೆಸ್ ಹೆಲೆನ್’ ಎರಡು ಕಡೆ ಎಡವಿದೆ. ನಮ್ಮಲ್ಲಿ ‘ಶ್ರೀಮತಿ’ ಇಟ್ಟ ಹೆಸರಿನ ಮೊದಲು ಬರುತ್ತದೆ, ಅದಕ್ಕೆ ನಿನಗೆ ಸಹಜ ಅನ್ನಿಸಿತು. ಇಂಗ್ಲಿಷಿನಲ್ಲಿ ಮಿಸ್ಟರ್, ಮಿಸೆಸ್, ಡಾಕ್ಟರ್, ಪ್ರೊಫೆಸರ್ ಎಲ್ಲವೂ ಮನೆತನದ ಹೆಸರಿಗೆ ಅಂಟುತ್ತವೆ. ಇನ್ನೊಂದು, ಆಕೆಗೆ ಮದುವೆ ಆಗಿದೆಯೋ ಇಲ್ಲವೋ ನಿನಗೆ ಬೇಕಿಲ್ಲದ ವಿಷಯ. ಅದಕ್ಕೇ ‘ಮಿಝ್’ ಎಂಬುದು ಬಂತು. 1901ರಲ್ಲೇ ಅಮೆರಿಕದ ಒಂದು ಪತ್ರಿಕೆಯಲ್ಲಿ ಈ ಸಲಹೆ ಅಚ್ಚಾಗಿತ್ತು. ನ್ಯೂಯಾರ್ಕ್ ಟೈಮ್ಸ್ ಅದನ್ನು ಒಪ್ಪಿಕೊಂಡದ್ದು 1986ರಲ್ಲಿ. ಓದಿ ಪಡೆದ ಪದವಿ ಇರುವವರಿಗೆ ಅದೂ ಬೇಡ. ಗಂಡಸರನ್ನು ಪ್ರೊಫೆಸರ್ ಎಂದು ಕರೆಯುವ ಕಡೆ ತಾವು ಮಾತ್ರ ಮಿಸೆಸ್ ಎಂದು ಕರೆಸಿಕೊಂಡು ಬೇಸತ್ತ ಹೆಂಗಸರು ತುಂಬ ಜನ ಇದ್ದಾರೆ. ಇದನ್ನು ನೀನು ಮರೆಯಬಾರದು.

‘ಹಾಯ್ ಹೆಲೆನ್’ ವ್ಯಾಕರಣದಲ್ಲಿ ತಪ್ಪಲ್ಲ. ಆಕೆಗೆ ಬೇಜಾರಾಗದೇ ಇರಬಹುದು. ಆದರೆ ಹತ್ತಿರ ಬರುವ ಮೊದಲ ಹೆಜ್ಜೆ ದೊಡ್ಡವರದ್ದು. ರೋಜರ್ ಬ್ರೌನ್ ಮತ್ತು ಮಾರ್ಗರೀಟ್ ಫೋರ್ಡ್ ಎಂಬ ಇಬ್ಬರು 1961ರಲ್ಲಿ ಅಮೆರಿಕದವರು ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೆ ಎಂದು ಅಭ್ಯಾಸ ಮಾಡಿ ಇದನ್ನೇ ಬರೆದರು. ಮನೆತನದ ಹೆಸರಿನಿಂದ ಇಟ್ಟ ಹೆಸರಿಗೆ ಇಳಿಯುವಾಗ ಮೇಲಿನ ಸ್ಥಾನದವರು ಮುಂದಾಗುತ್ತಾರೆ, ಕೆಳಗಿನವರು ಹಿಂಬಾಲಿಸುತ್ತಾರೆ. ಆಮೇಲೆ ಕಾಲ ಬದಲಾಗಿದೆ, ಇಳಿಯುವುದು ತುಂಬ ಬೇಗ ಆಗುತ್ತದೆ. ಆದರೆ ಯಾರು ಮೊದಲು ಎಂಬುದು ಅಷ್ಟು ಬದಲಾಗಿಲ್ಲ.

ಹಾಗಾದರೆ ಆಕೆ ಹೆಜ್ಜೆ ಇಟ್ಟರು ಅಂತ ಹೇಗೆ ತಿಳಿಯುವುದು? ಉತ್ತರ ಬಂದಾಗ ಮೊದಲ ಸಾಲು ನೋಡಬೇಡ, ಕೊನೆಯ ಸಾಲು ನೋಡು. ಎಲ್ಲರೂ ಇಲ್ಲೇ ಎಡವುತ್ತಾರೆ. ಆಕೆ ನಿನ್ನನ್ನು ‘ಹಾಯ್’ ಎಂದು ಹೆಸರು ಹಿಡಿದು ಕರೆದರೆ, ಅದು ನೀನೂ ಹಾಗೇ ಕರೆಯಬಹುದು ಎಂಬ ಒಪ್ಪಿಗೆ ಅಲ್ಲ. ಮೇಷ್ಟರು ನಿನ್ನನ್ನು ನೀನು ಅಂದರೆ ನೀನೂ ಅವರನ್ನು ನೀನು ಅನ್ನುವುದಿಲ್ಲ, ಅಲ್ವಾ? ಒಪ್ಪಿಗೆ ಇರುವುದು ಆಕೆ ತನ್ನನ್ನು ಏನೆಂದು ಕರೆದುಕೊಂಡಿದ್ದಾರೆ ಎಂಬಲ್ಲಿ.

ಮೇಲ್‌ನ ಕೊನೆಯಲ್ಲಿ ‘ಬೆಸ್ಟ್, ಹೆಲೆನ್’ ಎಂದು ಆಕೆಯೇ ಟೈಪ್ ಮಾಡಿದ್ದರೆ, ಬಾಗಿಲು ತೆರೆದಂತೆ. ಮುಂದಿನ ಮೇಲ್ ‘ಡಿಯರ್ ಹೆಲೆನ್’ ಎಂದು ಬರೆ. ಬರೀ ‘ಎಚ್’ ಎಂದಿದ್ದರೂ ಅದೇ ಅರ್ಥ, ಆದರೆ ನೀನು ಪೂರ್ತಿ ಹೆಸರು ಬರೆ. ‘ಹೆಲೆನ್ ಕಾರ್ಟರ್’ ಎಂದು ಎರಡೂ ಹೆಸರಿದ್ದರೆ ಇನ್ನೂ ಸ್ಪಷ್ಟ ಇಲ್ಲ, ಇನ್ನೊಂದು ಸುತ್ತು ಪ್ರೊಫೆಸರ್ ಕಾರ್ಟರ್ ಆಗಿಯೇ ಇರಲಿ. ಅದರ ಕೆಳಗೆ ಹುದ್ದೆ, ವಿಭಾಗ, ಫೋನ್ ನಂಬರ್ ಇರುವ ನಾಲ್ಕೈದು ಸಾಲು ಇರುತ್ತದಲ್ಲ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ. ಅದು ಪ್ರತಿ ಮೇಲ್‌ಗೂ ತಾನಾಗಿ ಅಂಟಿಕೊಳ್ಳುತ್ತದೆ. ಅದಕ್ಕಿಂತ ಮೇಲೆ, ಆಕೆಯ ಬೆರಳಿನಿಂದಲೇ ಬಂದ ಸಾಲು ಯಾವುದು ಎಂದು ಹುಡುಕು.

ಬಾಗಿಲು ತೆರೆದ ಮೇಲೆ ಒಳಗೆ ಹೋಗು. ಇದನ್ನು ನಾನು ಕಷ್ಟಪಟ್ಟು ಕಲಿತೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರೊಬ್ಬರು ತಮ್ಮ ಇಟ್ಟ ಹೆಸರಿನಿಂದ ಕರೆಯಲು ಬಾಯಿಬಿಟ್ಟು ಹೇಳಿದ್ದರು. ನನಗೆ ನಾಲಿಗೆ ಹೊರಳಲಿಲ್ಲ. ಆರು ತಿಂಗಳು ‘ಸರ್’ ಎಂದೇ ಬರೆದೆ. ಒಂದು ದಿನ ಅವರು, ನನ್ನಿಂದ ಏನಾದರೂ ತಪ್ಪಾಗಿದೆಯೇ ಎಂದು ಕೇಳಿದರು. ನಾನು ಗೌರವ ಅಂದುಕೊಂಡದ್ದು ಅವರಿಗೆ ಮುನಿಸಿನ ಹಾಗೆ ಕಂಡಿತ್ತು. ನಮ್ಮಲ್ಲೂ ‘ನೀನು’ ಅನ್ನುತ್ತಿದ್ದವರು ಇದ್ದಕ್ಕಿದ್ದಂತೆ ‘ನೀವು’ ಅಂದರೆ ಎದೆ ಚುಳ್ ಅನ್ನುತ್ತದಲ್ಲ, ಹಾಗೆ. ನಿನಗೂ ನಾಲಿಗೆ ಹೊರಳದಿದ್ದರೆ ಒಂದು ಉಪಾಯ ಇದೆ. ‘ಹಾಯ್’ಗೆ ಇಳಿಯಬೇಡ, ‘ಡಿಯರ್’ ಹಾಗೇ ಇಟ್ಟುಕೊಂಡು ಹೆಸರು ಮಾತ್ರ ಬದಲಿಸು. ‘ಡಿಯರ್ ಹೆಲೆನ್’ನಲ್ಲಿ ಸಲಿಗೆಯೂ ಇದೆ, ವಿನಯವೂ ಇದೆ.

ಹೆಸರು ನೋಡಿ ಗಂಡೋ ಹೆಣ್ಣೋ ತಿಳಿಯದಿದ್ದರೆ ಊಹೆ ಮಾಡಬೇಡ. ಆಂಡ್ರಿಯಾ ಎಂಬ ಹೆಸರು ಇಂಗ್ಲಿಷಿನವರಲ್ಲಿ ಹೆಣ್ಣಿನದು, ಇಟಲಿಯಲ್ಲಿ ಗಂಡಸಿನದು. ನಾನೇ ಒಬ್ಬ ಇಟಲಿಯ ಗಂಡಸಿಗೆ ‘ಮಿಝ್’ ಎಂದು ಬರೆದು, ಆಮೇಲೆ ಫೋನಿನಲ್ಲಿ ಅವರ ದನಿ ಕೇಳಿ ನಾಚಿದ್ದೇನೆ. ಪದವಿ ಗೊತ್ತಿದ್ದರೆ ಪದವಿ ಹಾಕು, ಇಲ್ಲದಿದ್ದರೆ ‘ಡಿಯರ್’ ಮುಂದೆ ಎರಡೂ ಹೆಸರು ಬರೆದು ಬಿಡು. ಸ್ವಲ್ಪ ಬಿಗಿಯಾಗಿ ಕಾಣುತ್ತದೆ, ಆದರೆ ಯಾರಿಗೂ ನೋವಾಗುವುದಿಲ್ಲ. ಚೀನಾ, ಕೊರಿಯಾ, ಹಂಗೇರಿಯವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ ಎಂಬುದೂ ನೆನಪಿರಲಿ. ಐಸ್‌ಲ್ಯಾಂಡಿನಲ್ಲಂತೂ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ. ಅಲ್ಲಿ ಪ್ರಧಾನಿಯನ್ನೂ ಇಟ್ಟ ಹೆಸರಿನಿಂದಲೇ ಕರೆಯುತ್ತಾರೆ, ಅದರಲ್ಲಿ ಸಲಿಗೆ ಏನೂ ಇಲ್ಲ.

ಇವತ್ತೇ ಮೇಲ್ ಕಳಿಸು. ಕಳಿಸುವ ಮೊದಲು ಕಾರ್ಟರ್ ಜಾಗದಲ್ಲಿ ಬರುವ ಆಕೆಯ ನಿಜವಾದ ಹೆಸರನ್ನು ಆಕೆಯ ಪುಟದಿಂದಲೇ ನೋಡಿ ಒಂದೊಂದು ಅಕ್ಷರ ಹೊಂದಿಸು. ಉತ್ತರ ಬಂದಾಗ ಕೊನೆಯ ಎರಡು ಸಾಲು ಆಕೆ ಬರೆದ ಹಾಗೇ ನನಗೆ ಕಳಿಸು. ಮುಂದಿನದನ್ನು ಇಬ್ಬರೂ ಕೂತು ಬರೆಯೋಣ.

ಇಂತಿ,
ನಿನ್ನ ಪ್ರೀತಿಯ ದೊಡ್ಡಮ್ಮ